ಗುಂಡನನ್ನು ಯಾರೂ ನುಂಗಲಿಲ್ಲ

ನಮ್ಮ ಯೂಟ್ಯೂಬ್ ಅನಿಮೇಷನ್ ಚಾನೆಲ್‌ನಲ್ಲಿ ಥಂಬ್‌ನೇಲ್, ಅಂದರೆ ವಿಡಿಯೋ ಒತ್ತುವ ಮೊದಲು ಕಾಣುವ ಚಿತ್ರ, ಮಾಡುವುದು ನನ್ನ ಕೆಲಸ. ಸಾಮಾನ್ಯವಾಗಿ ಎಪಿಸೋಡ್ ರೆಂಡರ್ ಆಗಿ ಕೈಗೆ ಬಂದ ಮೇಲೆ ಒಂದು ಸಂಜೆಯಲ್ಲಿ ಮುಗಿದುಹೋಗುತ್ತದೆ. ನೆರಳಿನ ಎಪಿಸೋಡ್ ಮಾತ್ರ ಬೆಳಿಗ್ಗೆಯಿಂದ ರಾತ್ರಿವರೆಗೆ ಹಿಡಿಯಿತು. ಅದರಲ್ಲಿ ಅರ್ಧ ಹೊತ್ತು ಬಿಡಿಸಿದ್ದಲ್ಲ, ಜಗಳವಾಡಿದ್ದು.

ಕಥೆ ಇಷ್ಟೇ. ಗುಂಡ ಅನ್ನುವ ಕರಡಿ ಮರಿಗೆ ನಡುರಾತ್ರಿ ಎಚ್ಚರವಾಗುತ್ತದೆ. ಗೋಡೆಯ ಮೇಲೆ ಎರಡು ಕೊಂಬಿನ ದೊಡ್ಡ ನೆರಳು. ಮಂಚದ ಕೆಳಗೆ ನುಸುಳುತ್ತಾನೆ, ಅಲ್ಲಿಂದಲೇ ಒಂದೊಂದು ಉಪಾಯ ಹೂಡುತ್ತಾನೆ, ಕೊನೆಗೆ ಧೈರ್ಯ ಮಾಡಿ ದೀಪ ಎತ್ತಿ ಹಿಡಿಯುತ್ತಾನೆ. ನೋಡಿದರೆ ಗೂಟಕ್ಕೆ ನೇತುಹಾಕಿದ ಅಜ್ಜಿಯ ಶಾಲು, ಅದರ ಹಿಂದೆ ಎರಡು ಕೊಡೆಗಳ ಬಾಗಿದ ಹಿಡಿ. ರಾಕ್ಷಸ ಇಲ್ಲವೇ ಇಲ್ಲ.

ನಮ್ಮ ನಿರ್ದೇಶಕ ನನ್ನ ಹಳೆಯ ಗೆಳೆಯ. ಬಂದವನೇ, "ರಾಕ್ಷಸನನ್ನೇ ಬಿಡಿಸಿಬಿಡು. ಕೆಂಪು ಕಣ್ಣು, ತೆರೆದ ಬಾಯಿ, ಒಳಗೆ ಗುಂಡ" ಅಂದ. ಟೈಟಲ್ ಕೂಡ ಅವನ ಹತ್ತಿರ ರೆಡಿ ಇತ್ತು: "ಗುಂಡನನ್ನು ನುಂಗಿದ ರಾಕ್ಷಸ!"

"ನಮ್ಮ ಎಪಿಸೋಡಲ್ಲಿ ಯಾರೂ ಯಾರನ್ನೂ ನುಂಗಲ್ಲವಲ್ಲೋ" ಅಂದೆ.

"ನೆರಳು ತೋರಿಸಿದರೂ ಸುಳ್ಳೇ ಅಲ್ವಾ ಮತ್ತೆ? ಅದೂ ಬರೀ ಕೊಡೆ."

ಮಾತು ಚುರುಕಾಗಿತ್ತು. ಆದರೆ ಎರಡೂ ಒಂದೇ ಅಲ್ಲ. ನೆರಳನ್ನು ನೋಡಿದವನಿಗೆ "ಅದೇನು?" ಅನ್ನಿಸುತ್ತದೆ. ಆ ಪ್ರಶ್ನೆಗೆ ಎಪಿಸೋಡ್ ಉತ್ತರ ಕೊಡುತ್ತದೆ, ಅದಕ್ಕೇ ಹುಟ್ಟಿದ ಎಪಿಸೋಡ್ ಅದು. ರಾಕ್ಷಸನ ಬಾಯಲ್ಲಿ ಗುಂಡನನ್ನು ನೋಡಿದವನ ಪ್ರಶ್ನೆಯೇ ಬೇರೆ: "ನುಂಗಿದ ಮೇಲೆ ಏನಾಯ್ತು?" ಅದಕ್ಕೆ ನಮ್ಮ ಹತ್ತಿರ ಉತ್ತರವೇ ಇಲ್ಲ. ಪಾತ್ರ ನಿಜವಾಗಿ ಕಂಡಿದ್ದನ್ನು ತೋರಿಸಿ ಗುಟ್ಟು ಉಳಿಸಿಕೊಳ್ಳುವುದು ಒಂದು, ನಡೆಯದೇ ಇದ್ದದ್ದನ್ನು ತೋರಿಸುವುದು ಇನ್ನೊಂದು. ಅವನು ತಲೆಯಾಡಿಸಲಿಲ್ಲ, ಆದರೆ ಮುಂದಕ್ಕೆ ವಾದಿಸಲೂ ಇಲ್ಲ.

ಹಾಗಂತ ನೆರಳಿನ ಫ್ರೇಮ್ ಒಂದನ್ನು ಎತ್ತಿ ಅಂಟಿಸಿದರೆ ಆಗುವುದಿಲ್ಲ. ವಿಡಿಯೋದಲ್ಲಿ ಆ ಶಾಟ್ ಅಗಲವಾದದ್ದು. ಇಡೀ ಕೋಣೆ ಕಾಣುತ್ತದೆ, ಗುಂಡ ಮೂಲೆಯಲ್ಲಿ ಬೆರಳಷ್ಟು. ಮೇಲಾಗಿ ಚಲನೆಯ ಮಧ್ಯೆ ನಿಲ್ಲಿಸಿದ ಫ್ರೇಮುಗಳಲ್ಲಿ ಕೈಕಾಲು ಎಳೆದ ಹಾಗೆ, ಮುಖ ಅರೆಬರೆ. ಓಡುವಾಗ ಚೆನ್ನಾಗಿ ಕಾಣುವುದು ನಿಂತಾಗ ಚೆನ್ನಾಗಿ ಕಾಣಬೇಕೆಂದಿಲ್ಲ. ಅದಕ್ಕೇ ಅದೇ ಗುಂಡನ ರಿಗ್, ಅಂದರೆ ಕೈಕಾಲು ಬೇಕಾದ ಹಾಗೆ ತಿರುಗಿಸಬಹುದಾದ ಅವನ ಕಂಪ್ಯೂಟರ್ ಗೊಂಬೆ, ತೆರೆದು, ಅದೇ ಕ್ಷಣಕ್ಕೆ ಹೊಸದಾಗಿ ಪೋಸ್ ಕೊಟ್ಟೆ. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ ಗುಂಡ ಎಡಗಡೆ ದೊಡ್ಡದಾಗಿ, ಬಲಗಡೆ ಗೋಡೆ ತುಂಬ ನೆರಳು. ಗಡಿಯಾರ, ಕಪಾಟು, ಚಿತ್ರಪಟ ಎಲ್ಲ ತೆಗೆದುಹಾಕಿದೆ. ಅಂಚಿನ ಗೆರೆಗಳನ್ನು ದಪ್ಪ ಮಾಡಿದೆ. ಹತ್ತಿರ ತರುವುದು, ಹಿಗ್ಗಿಸುವುದು, ಬೇಡದ್ದನ್ನು ಬಿಡುವುದು, ಇಷ್ಟಕ್ಕೆ ನನ್ನ ಮನಸ್ಸು ಒಪ್ಪುತ್ತದೆ. ಎಪಿಸೋಡಿನಲ್ಲಿ ಇಲ್ಲದ ಪಾತ್ರ, ಇಲ್ಲದ ಘಟನೆ, ಇಲ್ಲದ ಮುಖಭಾವ ಸೇರಿಸುವುದಕ್ಕೆ ಒಪ್ಪುವುದಿಲ್ಲ. ನೆರಳಿನ ಆಕಾರವನ್ನೂ ವಿಡಿಯೋದಿಂದಲೇ ಟ್ರೇಸ್ ಮಾಡಿದೆ. ಕೊಂಬನ್ನು ಸ್ವಲ್ಪ ಚೂಪು ಮಾಡೋಣ ಅಂತ ಕೈ ತುರಿಸಿದ್ದು ನಿಜ. ಆದರೆ ಅದು ಕೊಡೆಯ ಹಿಡಿಯ ಹಾಗೆ ಬಾಗಿದ್ದರೇ ಕೊನೆಯಲ್ಲಿ ನೋಡುಗನಿಗೆ "ಓ, ಇದಾ!" ಅನ್ನಿಸುವುದು.

ಕಷ್ಟವಾಗಿದ್ದು ರಾತ್ರಿ. ನಾವು ಕೆಲಸ ಮಾಡುವುದು 1280×720 ಪಿಕ್ಸೆಲ್‌ನಲ್ಲಿ. ಪರದೆ ತುಂಬ ನೋಡುವಾಗ ಕಡುನೀಲಿ ಕೋಣೆ ಚೆನ್ನಾಗಿಯೇ ಇತ್ತು. ಅದನ್ನೇ 168×94ಕ್ಕೆ ಇಳಿಸಿದೆ. ಒಂದು ವಿಡಿಯೋ ನೋಡುವಾಗ ಪಕ್ಕದ ಸಾಲಿನಲ್ಲಿ ಬರುವ ಚಿತ್ರಗಳು ಸುಮಾರು ಅಷ್ಟೇ ಚಿಕ್ಕವು. ನೆರಳು ಮಾಯ! ಕಪ್ಪು ಬಿಳುಪು ಮಾಡಿ ನೋಡಿದರೆ ಕಾರಣ ಕಂಡಿತು: ಗೋಡೆಯೂ ನೆರಳೂ ಹೆಚ್ಚುಕಡಿಮೆ ಒಂದೇ ಬೂದು. ಬಣ್ಣ ಬೇರೆಯಾಗಿದ್ದರೂ ಬೆಳಕು ಒಂದೇ ಇದ್ದರೆ ಚಿಕ್ಕ ಅಳತೆಯಲ್ಲಿ ಎರಡೂ ಕಲಸಿಹೋಗುತ್ತವೆ. ಗೋಡೆಯನ್ನು ದೀಪದ ಹಳದಿಗೆ ತಂದು, ನೆರಳನ್ನು ಹಾಗೇ ಬಿಟ್ಟೆ. ಕಥೆಯಲ್ಲಿ ದೀಪ ಇರುವುದರಿಂದ ಅದೂ ಸುಳ್ಳಾಗಲಿಲ್ಲ. ಫೋನಿನ ಡಾರ್ಕ್ ಮೋಡ್‌ನಲ್ಲಿ ಚಿತ್ರದ ಅಂಚೇ ಕರಗಿಹೋಗುತ್ತಿದ್ದ ತೊಂದರೆಯೂ ಜೊತೆಗೇ ಹೋಯಿತು. ಕೆಳಗಿನ ಬಲಮೂಲೆಯಲ್ಲಿ ಅವಧಿಯ ಅಂಕಿ ಬಂದು ಕೂರುತ್ತದೆ, ಅಲ್ಲಿ ಏನೂ ಇಡಲಿಲ್ಲ.

ಚಿತ್ರದ ಮೇಲಿನ ಅಕ್ಷರಕ್ಕೆ ನಿರ್ದೇಶಕ "ರಾತ್ರಿಯ ಕೃತ್ರಿಮ ರಾಕ್ಷಸ" ಅಂತ ಬರೆದಿದ್ದ. ಚಿಕ್ಕದಾದಾಗ ಕನ್ನಡದ ಒತ್ತಕ್ಷರಗಳೇ ಮೊದಲು ಮುಚ್ಚಿಹೋಗುವುದು. ದಪ್ಪ ಫಾಂಟ್‌ಗೆ ಹೊರಗೆರೆ ಬೇರೆ ಕೊಟ್ಟರೆ ಕ್ಷ, ತ್ರ ಎಲ್ಲ ಬರೀ ಕಪ್ಪು ಉಂಡೆ. "ಯಾರದು?" ಅಂತ ಮಾತ್ರ ಇಟ್ಟೆ. ಒತ್ತಿಲ್ಲ, ಆ ಚಿಕ್ಕ ಅಳತೆಯಲ್ಲೂ ಓದಲು ಬಂತು.

ಚಿತ್ರ ಪ್ರಶ್ನೆ ಕೇಳಿಬಿಟ್ಟಿದೆ, ಟೈಟಲ್ ಅದನ್ನೇ ಮತ್ತೆ ಕೇಳುವುದು ವ್ಯರ್ಥ. ಅದು ಚಿತ್ರದಲ್ಲಿ ಇಲ್ಲದ್ದನ್ನು ಹೇಳಬೇಕು: "ನಡುರಾತ್ರಿ ಗೋಡೆ ಮೇಲೆ ಕೊಂಬು! ಗುಂಡ ಏನು ಮಾಡಿದ?" ಇಲ್ಲಿ ಗುಂಡ ಮಾಡುವವನು, ಹೆದರಿ ಸುಮ್ನೆ ಕೂತವನಲ್ಲ. ಎಪಿಸೋಡಿನ ಹೆಚ್ಚಿನ ಭಾಗ ಅವನ ಉಪಾಯಗಳೇ. ಟೈಟಲ್‌ಗೆ 100 ಅಕ್ಷರದವರೆಗೆ ಜಾಗವಿದ್ದರೂ ಫೋನಿನಲ್ಲಿ ಕೊನೆ ಕತ್ತರಿಸಿಹೋಗುತ್ತದೆ. ಅದಕ್ಕೆ ಚಾನೆಲ್ ಹೆಸರು, ಎಪಿಸೋಡ್ ನಂಬರ್ ಎಲ್ಲ ಕೊನೆಗೆ ತಳ್ಳಿದೆ.

ಅಷ್ಟರಲ್ಲಿ ಹಿನ್ನೆಲೆ ಬಿಡಿಸುವ ಹುಡುಗಿ ಒಂದು ಮಾತು ಹೇಳಿದಳು. "ಅಣ್ಣಾ, ಈ ನೆರಳು ವಿಡಿಯೋದಲ್ಲಿ ಬರೋದೇ ಒಂದೂಮುಕ್ಕಾಲು ನಿಮಿಷ ಆದ ಮೇಲೆ."

ಹೌದಲ್ವಾ! ಅದಕ್ಕೆ ಮೊದಲು ಗುಂಡ ಊಟ ಮಾಡಬೇಕು, ಅಜ್ಜಿ ಹತ್ತಿರ ಬೈಸಿಕೊಳ್ಳಬೇಕು, ಮಲಗಬೇಕು. ನೆರಳಿಗಾಗಿ ಒತ್ತಿದವನು ಅಷ್ಟು ಹೊತ್ತು ಕಾಯುವುದಿಲ್ಲ. ಯೂಟ್ಯೂಬ್ ಸ್ಟುಡಿಯೋದಲ್ಲಿ ನೋಡುಗರು ಎಲ್ಲಿ ಬಿಟ್ಟುಹೋದರು ಅಂತ ತೋರಿಸುವ ಗೆರೆ ಇರುತ್ತದೆ. ಶುರುವಿನಲ್ಲಿ ಸ್ವಲ್ಪ ಇಳಿಯುವುದು ಎಲ್ಲರಿಗೂ ಇದ್ದದ್ದೇ. ಆದರೆ ಕ್ಲಿಕ್ ಜಾಸ್ತಿ ಇದ್ದೂ ಮೊದಲ 30 ಸೆಕೆಂಡಿನಲ್ಲೇ ಗೆರೆ ಪ್ರಪಾತಕ್ಕೆ ಬಿದ್ದರೆ ಒಂದೋ ಚಿತ್ರ ಹೇಳಿದ್ದು ಸುಳ್ಳು, ಇಲ್ಲವೇ ಹೇಳಿದ್ದು ತಡವಾಗಿ ಬಂತು. ನೋಡುವವನಿಗೆ ಎರಡೂ ಒಂದೇ. ನಿರ್ದೇಶಕ ಗೊಣಗಿಕೊಂಡೇ ಎಡಿಟ್ ತೆರೆದ. ಖಾಲಿ ಗೋಡೆಯ ಮೇಲೆ ಕೊಂಬಿನ ತುದಿ ಸರಿದುಹೋಗುವ ಒಂದು ಚಿಕ್ಕ ಶಾಟ್ ಮೊದಲೇ ಇತ್ತು. ಅದನ್ನು ಎಲ್ಲಕ್ಕಿಂತ ಮುಂದೆ ತಂದ, ಊಟದ ದೃಶ್ಯವನ್ನು ಅರ್ಧಕ್ಕೆ ಕತ್ತರಿಸಿದ. ನನಗೆ ಕೇಳಿದರೆ ಎಪಿಸೋಡೇ ಮೊದಲಿಗಿಂತ ಚೆನ್ನಾಯಿತು.

ಕೊನೆಗೆ ಉಳಿದದ್ದು ಪರೀಕ್ಷೆ. ಒಂದೇ ವಿಡಿಯೋಗೆ ಮೂರರವರೆಗೆ ಥಂಬ್‌ನೇಲ್ ಕೊಟ್ಟು ಹೋಲಿಸಿ ನೋಡುವ ಸೌಲಭ್ಯ ಸ್ಟುಡಿಯೋದಲ್ಲಿದೆ. ಬೇರೆ ಬೇರೆ ನೋಡುಗರಿಗೆ ಬೇರೆ ಬೇರೆ ಚಿತ್ರ ಕಾಣುತ್ತದೆ. ಗೆದ್ದದ್ದು ಯಾವುದು ಅನ್ನುವುದು ಕ್ಲಿಕ್‌ನಿಂದಲ್ಲ, ಯಾವ ಚಿತ್ರದಿಂದ ಬಂದವರು ಎಷ್ಟು ಹೊತ್ತು ನೋಡಿದರು ಅನ್ನುವುದರಿಂದ ತೀರ್ಮಾನವಾಗುತ್ತದೆ.

"ಹಾಗಿದ್ದರೆ ನನ್ನ ರಾಕ್ಷಸನನ್ನೂ ಮೂರನೆಯದಾಗಿ ಹಾಕು. ಸುಳ್ಳಾದರೆ ತಾನೇ ಸೋಲ್ತಾನೆ" ಅಂದ ಗೆಳೆಯ.

ನಾನು ಒಪ್ಪಲಿಲ್ಲ. ಪರೀಕ್ಷೆ ನಡೆಯುವಷ್ಟು ದಿನ ಒಂದು ಪಾಲು ಜನ ಆ ಸುಳ್ಳನ್ನೇ ನೋಡುತ್ತಿರುತ್ತಾರೆ, ಅವರೂ ನಮ್ಮ ನೋಡುಗರೇ. ಅಲ್ಲದೆ ಅವನು ಸೋಲುತ್ತಾನೆ ಅಂತ ಗ್ಯಾರಂಟಿ ಏನಿದೆ? ಈಗ ನುಂಗುತ್ತಾನೆ, ಆಗ ನುಂಗುತ್ತಾನೆ ಅಂತ ಕೊನೆಯವರೆಗೂ ಕಾದು ಕೂತವನ ಸಮಯವೂ ಅದೇ ಲೆಕ್ಕಕ್ಕೆ ಸೇರುತ್ತದೆ. ಅವನಿಗಾದ ಬೇಜಾರು ಆ ಅಂಕಿಯಲ್ಲಿ ಕಾಣುವುದಿಲ್ಲ.

ನೆರಳಿನದ್ದೊಂದು, ಗುಂಡನ ಕಣ್ಣುಗಳನ್ನು ಮಾತ್ರ ಹತ್ತಿರದಿಂದ ತೋರಿಸಿದ್ದೊಂದು, ಎರಡನ್ನೇ ಹಾಕಿದೆವು. ಪರೀಕ್ಷೆ ಮುಗಿದಾಗ ಗೆದ್ದವರು ಯಾರೂ ಇಲ್ಲ, ಎರಡೂ ಸರಿಸಮ ಅಂತ ಬಂತು. ಹೀಗಾಗುವುದು ಅಪರೂಪವೇನಲ್ಲ. ಹಿಂದಿನ ಎಪಿಸೋಡಿನ ಥಂಬ್‌ನೇಲ್‌ನಲ್ಲೂ ಗುಂಡನ ಮುಖವೇ ತುಂಬಿಕೊಂಡಿದ್ದರಿಂದ, ಚಾನೆಲ್ ಪುಟದಲ್ಲಿ ಅಕ್ಕಪಕ್ಕ ಎರಡು ಒಂದೇ ಥರ ಕಾಣುವುದು ಬೇಡ ಅಂತ ನೆರಳನ್ನೇ ಉಳಿಸಿಕೊಂಡೆವು. ಕಣ್ಣಿನ ಚಿತ್ರ ಫೋಲ್ಡರಿನಲ್ಲಿದೆ. ಮುಂದಿನ ಎಪಿಸೋಡಿಗೆ ಅದನ್ನೇ ಹಾಕು ಅಂತ ನಿರ್ದೇಶಕನ ವರಾತ ಶುರುವಾಗಿದೆ. ಮುಂದಿನದರಲ್ಲಿ ಗುಂಡ ಹೆದರುವುದೇ ಇಲ್ಲ.