ಊಟಿಗೆ ಹದಿನೆಂಟು ಸಾವಿರ ಸಾಕು ಅಂದುಕೊಂಡಿದ್ದೆವು

ಬದಿಯಡ್ಕದ ನಮ್ಮ ಮನೆಯಿಂದ ಐದು ಜನ: ನಾವಿಬ್ಬರು, ಅಮ್ಮ, ಹದಿಮೂರರ ಮಗಳು, ಎಂಟರ ಮಗ. ಆಗಸ್ಟ್‌ನಿಂದ ತಿಂಗಳಿಗೆ 2,000ದಂತೆ ಒಂಬತ್ತು ತಿಂಗಳು ಆರ್‌ಡಿ ಕಟ್ಟಿದೆವು. ಮೇನಲ್ಲಿ ಊಟಿಗೆ ಹೊರಟೆವು. ಲೆಕ್ಕ 18,000, ಖರ್ಚು 24,300.

ಮೊದಲ ತಪ್ಪು ನಮ್ಮದೇ. ಆರ್‌ಡಿ ಮುಗಿಯೋದು ಮೇ ತಿಂಗಳಲ್ಲಿ. ಆದರೆ ರೈಲು ಟಿಕೆಟ್ ಅರವತ್ತು ದಿನ ಮೊದಲೇ ತೆಗೀಬೇಕು, ಇಲ್ಲದಿದ್ದರೆ ರಜೆಯಲ್ಲಿ ಸಿಗಲ್ಲ. ಮಾರ್ಚ್‌ನಲ್ಲಿ ಕೈಯಲ್ಲಿ ದುಡ್ಡಿಲ್ಲ! ಅಮ್ಮ ಅಡಿಕೆ ಮಾರಿ ಇಟ್ಟಿದ್ದ ಹಣ ಕೊಟ್ಟರು. ಮಗನಿಗೆ ಅರ್ಧ ಟಿಕೆಟ್ ಅಂತ ನಾನು ಬರೆದಿಟ್ಟಿದ್ದೆ. ಐದರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬರ್ತ್ ಬೇಕಿದ್ದರೆ ಪೂರ್ತಿ ದರವೇ. ಅಲ್ಲಿ 500 ಜಾಸ್ತಿ ಆಯಿತು.

ದೊಡ್ಡ ಪೆಟ್ಟು ಬಿದ್ದಿದ್ದು ರೂಮಿನಲ್ಲಿ. ಲಾಡ್ಜಿನವನು ಫೋನಿನಲ್ಲಿ 'ಫ್ಯಾಮಿಲಿ ರೂಮು, 1,800' ಅಂದಿದ್ದ. ರಾತ್ರಿ ಎಂಟಕ್ಕೆ ಚಳಿಯಲ್ಲಿ ನಡುಗುತ್ತಾ ತಲುಪಿದರೆ, 'ಅದು ಇಬ್ಬರಿಗೆ ಸಾರ್, ಸೀಸನ್ ಅಲ್ವಾ, ಈಗ 2,800' ಅಂದ. ಅಮ್ಮನಿಗೆ, ಮಗಳಿಗೆ ಎಕ್ಸ್‌ಟ್ರಾ ಬೆಡ್ ಅಂತ ತಲಾ 500. ಎರಡು ರಾತ್ರಿಗೆ 3,600 ಅಂದುಕೊಂಡಿದ್ದು 7,600 ಆಯಿತು. ಬಿಸಿನೀರು ಬೆಳಿಗ್ಗೆ ಎರಡು ಗಂಟೆ ಹೊತ್ತು ಮಾತ್ರ. ಅಮ್ಮನ ಕೈ ಹಿಡಿದುಕೊಂಡು ಆ ಹೊತ್ತಲ್ಲಿ ಬೇರೆ ರೂಮು ಹುಡುಕೋದು ಆಗುವ ಮಾತಾ? ನೀವು ಹೋಗೋದಾದರೆ ಎಷ್ಟು ಜನ, ಯಾವ ತಾರೀಕು, ಎಕ್ಸ್‌ಟ್ರಾ ಬೆಡ್ ಸೇರಿ ಒಟ್ಟು ಎಷ್ಟು ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಂಡ ಮೇಲೆಯೇ ಅಡ್ವಾನ್ಸ್ ಹಾಕಿ.

ಟ್ಯಾಕ್ಸಿಗೆ 3,000 ಇಟ್ಟಿದ್ದೆ, 4,500 ಹೋಯಿತು. ಅರ್ಧ ದಿನ ಟ್ರಾಫಿಕ್‌ನಲ್ಲೇ ಕೂತಿದ್ದೆವು. ಜನಜಂಗುಳಿ ನನಗೆ ಆಗಿಬರಲ್ಲ, ಹಾಗಾಗಿ ಬೊಟಾನಿಕಲ್ ಗಾರ್ಡನ್ ಬಗ್ಗೆ ನನ್ನನ್ನು ಕೇಳಬೇಡಿ. ಜಾಸ್ತಿಯಾದದ್ದರಲ್ಲಿ ಉಳಿದ 300 ಟಿಕೆಟ್, ಪಾರ್ಕಿಂಗ್ ಅಂತ ಚಿಲ್ಲರೆಯಾಗಿ ಕರಗಿತು.

ಲೆಕ್ಕ ತಪ್ಪದಿದ್ದುದು ಊಟ ಒಂದೇ. ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಂದು ಮೆಸ್, ನಾಲ್ಕೇ ಬೆಂಚು, ಬೋರ್ಡೂ ಇಲ್ಲ. 80 ರೂಪಾಯಿಗೆ ಬಾಳೆಲೆ ಊಟ. ಹೊಗೆಯಾಡುವ ರಸಂ, ಬೀನ್ಸ್ ಪಲ್ಯ, ವತ್ತ ಕುಳಂಬು. ಬೇಡ ಅಂದರೂ ಆ ಅಕ್ಕ ಮತ್ತೊಂದು ಸೌಟು ಸುರಿಯುತ್ತಿದ್ದರು. ಕುಚ್ಚಲಕ್ಕಿ ಅನ್ನ ಬಿಟ್ಟು ಬೇರೆ ಮುಟ್ಟದ ನಮ್ಮಮ್ಮ ಬೆಳ್ತಿಗೆ ಅನ್ನಕ್ಕೆ ರಸಂ ಕಲಸಿ, ಎರಡನೇ ಸಲ ಹಾಕಿಸಿಕೊಂಡರು. ಮೂರು ಹೊತ್ತು ಅಲ್ಲೇ ಉಂಡೆವು.

ಮುಂದಿನ ಸಲದ ಲೆಕ್ಕಕ್ಕೆ 24,300 ಅನ್ನೇ ಹಿಡಿದಿದ್ದೇವೆ. ದರ ಏರೋದಕ್ಕೆ ಅಂತ ಹತ್ತು ಪರ್ಸೆಂಟ್ ಸೇರಿಸಿದರೆ ಸುಮಾರು 27,000. ಜೂನ್‌ನಿಂದ ಫೆಬ್ರವರಿವರೆಗೆ ತಿಂಗಳಿಗೆ 3,000. ಎರಡು ನನ್ನದು, ಒಂದು ಹೆಂಡತಿಯದು. ಮಾರ್ಚ್‌ನಲ್ಲಿ ಟಿಕೆಟ್ ತೆಗೆಯುವ ಹೊತ್ತಿಗೆ ದುಡ್ಡು ಕೈಯಲ್ಲಿರುತ್ತದೆ. ಅಮ್ಮನ ಅಡಿಕೆ ಹಣ ಮಾತ್ರ ಇನ್ನೂ ಪೂರ್ತಿ ವಾಪಸ್ ಕೊಟ್ಟಿಲ್ಲ.