ಮೇಲಿನ ಜಾಗ ಯಾವ ಲಿಂಕ್‌ಗೆ?

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಜಯನಗರದಿಂದ ಒಬ್ಬರು ಫೋನ್ ಮಾಡಿದರು. "ಮೇಡಂ, ನಮ್ಮ ಪ್ಲಮ್ ಕೇಕ್ ಎಷ್ಟು ಹೊತ್ತಿಗೆ ಬರುತ್ತೆ?" ನನಗೆ ಏನೂ ಅರ್ಥ ಆಗಲಿಲ್ಲ. ನಾನು ಮನೆಯಲ್ಲೇ ಕೇಕ್ ಮಾಡಿ ಮಾರ್ತೀನಿ, ಆದರೆ ಪ್ಲಮ್ ಕೇಕ್ ಮಾಡೋದು ಡಿಸೆಂಬರ್‌ನಲ್ಲಿ ಮಾತ್ರ. ಒಣ ಹಣ್ಣು ನೆನೆಸಿಡೋದಕ್ಕೇ ವಾರಗಟ್ಟಲೆ ಬೇಕು. ಅವರ ಯಜಮಾನರ ಹುಟ್ಟುಹಬ್ಬ ಅಂದೇ ಸಂಜೆ ಇತ್ತು. ಐದು ದಿನ ಮೊದಲೇ ನನ್ನ ಇನ್‌ಸ್ಟಾಗ್ರಾಮ್ ಬಯೋದಲ್ಲಿರೋ ಲಿಂಕ್ ಒತ್ತಿ, ಅದರಿಂದ ತೆರೆಯೋ ಬಟನ್‌ಗಳ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಕಂಡ "ಕ್ರಿಸ್‌ಮಸ್ ಪ್ಲಮ್ ಕೇಕ್ ಬುಕಿಂಗ್" ಫಾರ್ಮ್ ತುಂಬಿ, ಆರ್ಡರ್ ಆಯ್ತು ಅಂತ ನಿಶ್ಚಿಂತೆಯಿಂದ ಇದ್ದರು.

ತಪ್ಪು ಪೂರ್ತಿ ನನ್ನದು. ಹಬ್ಬ ಮುಗಿದ ಮೇಲೆ ಆ ಫಾರ್ಮಿಗೆ ಉತ್ತರ ಬರೋದನ್ನು ನಿಲ್ಲಿಸಿರಲಿಲ್ಲ, ಬಂದರೆ ಇಮೇಲ್ ಬರೋದನ್ನು ಮಾತ್ರ ಆಫ್ ಮಾಡಿದ್ದೆ. ಅವರ ಕ್ಷಮೆ ಕೇಳಿ, ಮನೆಯಲ್ಲಿದ್ದ ಖರ್ಜೂರ, ವಾಲ್‌ನಟ್ ಹಾಕಿ ಒಂದು ಕೇಕ್ ಮಾಡಿ, ಹೊಸಕೆರೆಹಳ್ಳಿಯಿಂದ ಆಟೊದಲ್ಲಿ ನಾನೇ ತಗೊಂಡು ಹೋಗಿ ಕೊಟ್ಟು ಬಂದೆ. ವಾಪಸ್ ಬಂದು ಒಲೆ ಕಡೆ ಹೋಗದೆ ಫೋನ್ ಹಿಡಿದು ಕೂತೆ. ಆ ಪುಟವನ್ನು ನಾನು ಒಬ್ಬ ಗಿರಾಕಿಯ ಹಾಗೆ ನೋಡಿಯೇ ಎಷ್ಟೋ ತಿಂಗಳಾಗಿತ್ತು.

ಒಟ್ಟು ಒಂಬತ್ತು ಬಟನ್ ಇದ್ದವು. ಮೇಲಿಂದ ಕೆಳಗೆ: ಕ್ರಿಸ್‌ಮಸ್ ಬುಕಿಂಗ್, ಬಾಳೆಹಣ್ಣಿನ ಕೇಕಿನ ಯೂಟ್ಯೂಬ್ ವಿಡಿಯೊ, ಮೆನು ಪಿಡಿಎಫ್, ಬೇಕಿಂಗ್ ಕ್ಲಾಸ್, ಗೂಗಲ್ ರಿವ್ಯೂ, ಫೇಸ್‌ಬುಕ್, ಕಸ್ಟಮ್ ಕೇಕ್ ಫಾರ್ಮ್, ವಾಟ್ಸಾಪ್, ಮ್ಯಾಪ್. ಯಾವುದನ್ನೂ ಯೋಚನೆ ಮಾಡಿ ಇಟ್ಟಿದ್ದಲ್ಲ. ಹೊಸದಾಗಿ ಏನು ಬಂತೋ ಅದನ್ನು ಮೇಲೆ ಸೇರಿಸುತ್ತಾ ಹೋಗಿದ್ದೆ, ಹಳೆಯದು ಕೆಳಗೆ ಜಾರುತ್ತಾ ಹೋಗಿತ್ತು. ನಾನು ಮೊದಲ ದಿನ ಹಾಕಿದ್ದು ವಾಟ್ಸಾಪ್ ಮತ್ತು ಮ್ಯಾಪ್, ಅದಕ್ಕೇ ಅವೆರಡೂ ತಳದಲ್ಲಿದ್ದವು.

ನಮ್ಮ ಯಜಮಾನರು ಪಕ್ಕದಲ್ಲಿ ಕೂತು, "ಎಷ್ಟು ಜನ ಯಾವುದನ್ನ ಒತ್ತಿದಾರೆ ನೋಡು, ಜಾಸ್ತಿ ಒತ್ತಿದ್ದನ್ನ ಮೇಲೆ ಇಡು, ಮುಗೀತು" ಅಂದರು. ಲೆಕ್ಕ ನೋಡಿದೆವು. ಹಿಂದಿನ 28 ದಿನದಲ್ಲಿ ಪುಟ ತೆರೆದದ್ದು 240 ಸಲ. ಕ್ರಿಸ್‌ಮಸ್ ಬಟನ್ 58, ವಿಡಿಯೊ 41, ಮೆನು 37. ವಾಟ್ಸಾಪ್ ಬರೀ 9. ಅವರ ಮಾತಿನ ಪ್ರಕಾರ ಕ್ರಿಸ್‌ಮಸ್ ಮೇಲೇ ಇರಬೇಕು, ವಾಟ್ಸಾಪ್ ತೆಗೆದೇ ಬಿಡಬಹುದು.

ಆದರೆ ಜನವರಿ, ಫೆಬ್ರವರಿಯಲ್ಲಿ 58 ಜನಕ್ಕೆ ಕ್ರಿಸ್‌ಮಸ್ ಕೇಕ್ ಬೇಕಿತ್ತಾ? ಇರಲಿಕ್ಕಿಲ್ಲ. ಅವರಿಗೆ ಕೇಕ್ ಬೇಕಿತ್ತು, ಮೊದಲು ಕಣ್ಣಿಗೆ ಬಿದ್ದದ್ದನ್ನು ಒತ್ತಿದರು, ಅಷ್ಟೆ. ಮೇಲಿರೋದನ್ನು ಜನ ಒತ್ತುತ್ತಾರೆ, ಹಾಗಾಗಿ ಒತ್ತಿದ ಲೆಕ್ಕ ನೋಡಿ ಮೇಲೆ ಇಡೋಕೆ ಹೊರಟರೆ ಇದ್ದ ಜಾಗವೇ ಗಟ್ಟಿಯಾಗುತ್ತದೆ. ಕ್ರಿಸ್‌ಮಸ್ ಹಬ್ಬ ಮುಗಿದಿದ್ದರಿಂದಲೇ ನನಗೆ ಇದು ಇಷ್ಟು ಸ್ಪಷ್ಟವಾಗಿ ಕಂಡಿತು. ಇಲ್ಲದಿದ್ದರೆ ನಾನೂ ಆ ಲೆಕ್ಕವನ್ನು ನಂಬಿಬಿಡುತ್ತಿದ್ದೆ.

ಹಾಗಾದರೆ ಯಾವ ಲೆಕ್ಕ ನೋಡಬೇಕು? ನಾನು ಇನ್‌ಸ್ಟಾಗ್ರಾಮ್ ಮೆಸೇಜ್ ತೆಗೆದು, ಹೊಸಬರಿಂದ ಬಂದ ಕೊನೆಯ 40 ಮಾತುಕತೆಗಳ ಮೊದಲ ಪ್ರಶ್ನೆಯನ್ನು ಮಾತ್ರ ಒಂದು ಪುಸ್ತಕದಲ್ಲಿ ಗೀಟು ಹಾಕಿ ಎಣಿಸಿದೆ. ಎರಡು ಕಪ್ ಕಾಫಿಯಷ್ಟು ಹೊತ್ತಿನ ಕೆಲಸ. ಸುಮಾರು ಅರ್ಧದಷ್ಟು ಜನ ಕೇಳಿದ್ದು ಒಂದೇ: ಇಂಥ ದಿನಕ್ಕೆ ಆಗುತ್ತಾ? ಉಳಿದವರಲ್ಲಿ ಹೆಚ್ಚಿನವರು ಒಂದು ಕೇಜಿಗೆ ಎಷ್ಟು, ಎಗ್‌ಲೆಸ್ ಸಿಗುತ್ತಾ, ನಮ್ಮ ಏರಿಯಾಗೆ ಕಳಿಸ್ತೀರಾ ಅಂತ ಕೇಳಿದ್ದರು. ಬಾಳೆಹಣ್ಣಿನ ಕೇಕಿನ ವಿಡಿಯೊ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಇನ್ನೊಂದು ಗಮನಿಸಿದೆ. ಕೆಲವರು "ಮೆನು ನೋಡಿದೆ" ಅಂತ ಹೇಳಿಯೇ ಮತ್ತೆ ರೇಟು ಕೇಳಿದ್ದರು. ಮೆನುವಿನಲ್ಲಿ ರೇಟು ಇತ್ತು. ಹಾಗಾದರೆ ಯಾಕೆ ಕೇಳಿದರು?

ಅದು ಗೊತ್ತಾಗಿದ್ದು ಎದುರು ಮನೆ ಅಕ್ಕನಿಂದ. ಸಂಜೆ ಅವರು ಹೂವು ಕೊಡೋಕೆ ಬಂದಾಗ, "ಅಕ್ಕಾ, ನಿಮ್ಮ ಫೋನಲ್ಲೇ ನನ್ನ ಪೇಜಿಗೆ ಹೋಗಿ, ಬರೋ ಶನಿವಾರಕ್ಕೆ ಒಂದು ಕೇಜಿ ಎಗ್‌ಲೆಸ್ ಚಾಕೊಲೇಟ್ ಕೇಕ್ ಹೇಳಿ ನೋಡೋಣ, ನಾನು ಏನೂ ಹೇಳಿಕೊಡಲ್ಲ" ಅಂದೆ. ಅವರ ಫೋನಿನಲ್ಲಿ ಪುಟ ತೆರೆದಾಗ ಅರ್ಧ ಪರದೆ ನನ್ನ ಲೋಗೊ, ಅದರ ಕೆಳಗೆ ನಾಲ್ಕು ಬಟನ್. ಐದನೆಯದರಿಂದ ಕೆಳಗೆ ಏನಿದೆ ಅಂತ ಕಾಣೋದೇ ಇಲ್ಲ. ಅವರು ಕೆಳಗೆ ಸರಿಸಲೂ ಇಲ್ಲ. ಮೆನು ಒತ್ತಿದರು. ನಾನು ಪ್ರಿಂಟ್ ಹಾಕಿಸೋಕೆ ಅಂತ ಮಾಡಿದ್ದ ಎರಡು ಕಾಲಮ್ಮಿನ ಪಿಡಿಎಫ್ ಅದು, ಫೋನಿನಲ್ಲಿ ಅಕ್ಷರ ಸಾಸಿವೆ ಕಾಳಿನಷ್ಟಾಗಿ ಬಂತು. ಎರಡು ಬೆರಳಲ್ಲಿ ಹಿಗ್ಗಿಸಿ, ಆ ಕಡೆ ಈ ಕಡೆ ಎಳೆದು, "ಕನ್ನಡಕ ತಂದಿಲ್ಲ ಕಣೆ" ಅಂದರು. ನಾನು ಸುಮ್ನೆ ಇದ್ದೆ, ಇರೋದು ಕಷ್ಟವಾಯಿತು. ಆಮೇಲೆ ಕೆಳಗೆ ಹೋಗಿ ಕಸ್ಟಮ್ ಕೇಕ್ ಫಾರ್ಮ್ ಒತ್ತಿದರು. ಅದು ಜಿಮೇಲ್ ಲಾಗಿನ್ ಕೇಳಿತು. "ನಂಗೆ ಪಾಸ್‌ವರ್ಡ್ ಎಲ್ಲಿ ನೆನಪಿರುತ್ತೆ? ನಿಂಗೇ ಫೋನ್ ಮಾಡ್ತೀನಿ ಬಿಡು" ಅಂತ ಫೋನ್ ಕೆಳಗಿಟ್ಟರು.

ಲಾಗಿನ್ ಯಾಕೆ ಕೇಳಿತು ಅಂತ ಹುಡುಕಿದೆ. ಗೂಗಲ್ ಫಾರ್ಮಿನಲ್ಲಿ ಫೋಟೊ ಅಪ್‌ಲೋಡ್ ಮಾಡುವ ಒಂದು ಪ್ರಶ್ನೆ ಇದ್ದರೂ ಸಾಕು, ತುಂಬುವವರು ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು. ಬೇಕಾದ ಡಿಸೈನಿನ ಚಿತ್ರ ಕಳಿಸಲಿ ಅಂತ ನಾನೇ ಆ ಪ್ರಶ್ನೆ ಹಾಕಿದ್ದೆ. ನಾನು ಲಾಗಿನ್ ಆಗಿರೋ ಬ್ರೌಸರ್‌ನಲ್ಲಿ ತೆರೆದು ನೋಡಿದಾಗೆಲ್ಲ ಸರಿಯಾಗಿಯೇ ಬರುತ್ತಿತ್ತು. ಗಿರಾಕಿ ತೆರೆಯೋದು ಇನ್‌ಸ್ಟಾಗ್ರಾಮಿನ ಒಳಗಿನ ಕಿಟಕಿಯಲ್ಲಿ, ಅಲ್ಲಿ ಅವರ ಲಾಗಿನ್ ಇರೋದಿಲ್ಲ.

ಇಲ್ಲಿಗೆ ಮೇಲಿನ ಜಾಗಕ್ಕೆ ಪೈಪೋಟಿ ಮೂರಕ್ಕೆ ಇಳಿಯಿತು: ಮೆನು, ಫಾರ್ಮ್, ವಾಟ್ಸಾಪ್. ಮೆನು ನೋಡಿದವರು ಮತ್ತೆ ವಾಪಸ್ ಬಂದು ಇನ್ನೊಂದು ಬಟನ್ ಒತ್ತಬೇಕು. ಫಾರ್ಮ್ ಒಳ್ಳೆಯದೇ, ಕುಕೀಸ್ ಡಬ್ಬಿಯಂಥ ಒಂದೇ ರೇಟಿನ ವಸ್ತು ಮಾರೋವಾಗ. ಹುಟ್ಟುಹಬ್ಬದ ಕೇಕಿಗೆ ಚಿತ್ರ ಬೇಕು, "ಆ ದಿನ ಆಗಲ್ಲ, ಹಿಂದಿನ ದಿನ ಸಂಜೆ ತಗೋತೀರಾ" ಅನ್ನೋ ಮಾತು ಬೇಕು. ಶನಿವಾರ ನಾಲ್ಕು ಕ್ರೀಮ್ ಕೇಕಿಗಿಂತ ಜಾಸ್ತಿ ನನ್ನ ಫ್ರಿಜ್ಜಿನಲ್ಲಿ ಕೂರೋದಿಲ್ಲ, ಇದು ಫಾರ್ಮಿಗೆ ಗೊತ್ತಿರಲ್ಲ. ಅದಕ್ಕೆ ವಾಟ್ಸಾಪ್ ಮೇಲೆ ಅಂತ ತೀರ್ಮಾನಿಸಿದೆ. ದುಡ್ಡು ಕಟ್ಟೋ ಲಿಂಕ್ ಕೂಡ ಮೇಲೆ ಹಾಕು ಅಂತ ನಾದಿನಿ ಹೇಳಿದಳು. ಬೇಡ ಅಂದೆ. ದಿನ ಖಾಲಿ ಇದೆಯಾ ಅಂತ ನೋಡೋ ಮೊದಲೇ ಯಾರಾದರೂ ಕಟ್ಟಿದರೆ ವಾಪಸ್ ಕೊಡೋ ಕೆಲಸ ನನ್ನ ತಲೆಗೆ ಬರುತ್ತದೆ, ಅವರಿಗೂ ಬೇಜಾರು.

ವಾಟ್ಸಾಪಿಗೆ ಒಂದು ತೊಂದರೆ ಇದೆ. "ಹಾಯ್" ಅಂತ ಒಂದು ಮೆಸೇಜ್ ಬರುತ್ತದೆ, ನಾನು ಓವನ್ ಮುಂದೆ ಇರುತ್ತೇನೆ, ಉತ್ತರ ಕೊಡೋ ಹೊತ್ತಿಗೆ ಅವರು ಇನ್ನೆಲ್ಲೋ ಹೇಳಿರುತ್ತಾರೆ. ಅದಕ್ಕೆ ಮೊದಲ ಮೆಸೇಜಿನಲ್ಲೇ ಬೇಕಾದ್ದೆಲ್ಲ ಬರುವ ಹಾಗೆ ಲಿಂಕಿನಲ್ಲೇ ಮಾತು ತುಂಬಿಸಿಟ್ಟೆ:

```
https://wa.me/91XXXXXXXXXX?text=Cake%20order%0ADate:%0AArea:%0AKg:%0AEgg%20or%20eggless:
```

ಇದನ್ನು ಒತ್ತಿದರೆ ನನ್ನ ನಂಬರಿನ ಚಾಟ್ ತೆರೆದು, ಈ ಸಾಲುಗಳು ಟೈಪ್ ಆಗಿ ಕಾಯುತ್ತಿರುತ್ತವೆ. ಅವರು ಖಾಲಿ ಜಾಗ ತುಂಬಿ ಕಳಿಸಿದರೆ ಆಯ್ತು. `%20` ಅಂದರೆ ಒಂದು ಖಾಲಿ ಜಾಗ, `%0A` ಅಂದರೆ ಹೊಸ ಸಾಲು. ಮೊದಲ ಸಲ ನಾನು 91 ಹಾಕದೆ ಬರೀ ಹತ್ತು ಅಂಕಿ ಹಾಕಿದ್ದೆ, ಚಾಟ್ ತೆರೆಯಲೇ ಇಲ್ಲ. ದೇಶದ ಕೋಡ್ ಬೇಕೇ ಬೇಕು, ಅದರ ಮುಂದೆ ಪ್ಲಸ್ ಚಿಹ್ನೆಯಾಗಲಿ ಸೊನ್ನೆಯಾಗಲಿ ಬೇಡ. ತುಂಬಬೇಕಾದ ಸಾಲುಗಳಲ್ಲಿ ದಿನಾಂಕವನ್ನು ಮೊದಲು ಇಟ್ಟಿದ್ದು ನನ್ನ ಆ ಗೀಟಿನ ಲೆಕ್ಕ ನೋಡಿಯೇ. ಎರಡನೆಯದು ಏರಿಯಾ. ಹೊಸಕೆರೆಹಳ್ಳಿಯಿಂದ ಬಸವನಗುಡಿಗೆ ಕ್ರೀಮ್ ಕೇಕ್ ಕಳಿಸೋದು ಬೇರೆ, ವೈಟ್‌ಫೀಲ್ಡಿಗೆ ಕಳಿಸೋದು ಬೇರೆ. ಅಷ್ಟು ದೂರ, ಅಷ್ಟು ಹಂಪ್ ದಾಟಿ ಎರಡು ಅಂತಸ್ತಿನ ಕೇಕ್ ನೆಟ್ಟಗೆ ತಲುಪುತ್ತೆ ಅಂತ ನಾನು ಮಾತು ಕೊಡೋದಿಲ್ಲ.

ಬಟನ್ ಮೇಲಿನ ಮಾತನ್ನೂ ಬದಲಿಸಿದೆ. ಮೊದಲು "ವಾಟ್ಸಾಪ್" ಅಂತ ಮಾತ್ರ ಇತ್ತು. ಒತ್ತಿದರೆ ಏನಾಗುತ್ತೆ ಅಂತ ಅದರಿಂದ ಗೊತ್ತಾಗಲ್ಲ ಅಲ್ವಾ? ಈಗ "ಕೇಕ್ ಆರ್ಡರ್ ಮಾಡಿ (2 ದಿನ ಮೊದಲು ಹೇಳಿ)" ಅಂತಿದೆ. ಲೋಗೊವನ್ನು ಒಂದು ಬಿಲ್ಲೆಯಷ್ಟು ಚಿಕ್ಕದು ಮಾಡಿ, ಅದರ ಕೆಳಗೆ ಲಿಂಕ್ ಇಲ್ಲದ ಒಂದೇ ಸಾಲು ಬರೆದೆ: ಎಗ್‌ಲೆಸ್ ಸಿಗುತ್ತದೆ, ಅರ್ಧ ಕೇಜಿಯ ರೇಟು ಇಷ್ಟರಿಂದ ಶುರು. ಈ ಎರಡು ಪ್ರಶ್ನೆಗೆ ಯಾರೂ ಏನನ್ನೂ ಒತ್ತಬೇಕಾಗಿಲ್ಲ.

ಎರಡನೆಯ ಜಾಗಕ್ಕೆ ಮೆನು ಬಂತು. ಪಿಡಿಎಫ್ ಬಿಟ್ಟು ಫೋನಿನ ಅಗಲಕ್ಕೆ ಸರಿಯಾಗಿ ದೊಡ್ಡ ಅಕ್ಷರದ ನಾಲ್ಕು ಚಿತ್ರ ಮಾಡಿದೆ. ಮೂರನೆಯದು ಎಲ್ಲೆಲ್ಲಿಗೆ ಕಳಿಸುತ್ತೇನೆ, ನೀವೇ ಬಂದು ತಗೊಳ್ಳೋದಾದರೆ ದಾರಿ ಹೇಗೆ ಅನ್ನೋದು. ನಾಲ್ಕನೆಯದು ಕ್ಲಾಸ್. ರಿವ್ಯೂ ಲಿಂಕನ್ನು ಪುಟದಿಂದಲೇ ತೆಗೆದೆ, ಕೇಕ್ ತಿಂದವರಿಗೆ ಮಾರನೆಯ ದಿನ ಅದನ್ನು ನಾನೇ ಕಳಿಸುತ್ತೇನೆ. ಫೇಸ್‌ಬುಕ್, ವಿಡಿಯೊ ಹೋದವು. ವಿಡಿಯೊ ತೆಗೆಯೋವಾಗ ಸಂಕಟ ಆಯಿತು, ಮೂರು ಭಾನುವಾರ ಕೂತು ಮಾಡಿದ್ದು ಅದು. ಆದರೆ ಅದನ್ನು ನೋಡೋಕೆ ಹೋದವರು ಯೂಟ್ಯೂಬಿನಲ್ಲೇ ಇನ್ನೊಂದು ವಿಡಿಯೊ ನೋಡ್ತಾ ಉಳಿಯುತ್ತಾರೆ, ಕೇಕ್ ಹೇಳೋಕೆ ವಾಪಸ್ ಬರೋದಿಲ್ಲ. ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯ ಸಂಖ್ಯೆಯನ್ನು ತಳದಲ್ಲಿ ಸಣ್ಣದಾಗಿ ಹಾಕಿದೆ.

ಹಬ್ಬದ ಬುಕಿಂಗ್ ಮತ್ತೆ ಬರುತ್ತದೆ, ಅದೂ ಮೇಲೇ ಬರಬೇಕು, ಆ ಮೂರು ವಾರ ಜನ ಬರೋದೇ ಅದಕ್ಕೆ. ಅದಕ್ಕೆ ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಲಿಂಕ್ ಹಾಕಿದ ದಿನವೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ತೆಗೆಯಬೇಕಾದ ದಿನದ ಚೌಕದಲ್ಲಿ, ಕೆಂಪು ಪೆನ್ನಿನಿಂದ "ಲಿಂಕ್ ತೆಗಿ, ಫಾರ್ಮ್ ಮುಚ್ಚು" ಅಂತ ಬರೆಯೋದು. ಲಿಂಕ್ ಮಾತ್ರ ತೆಗೆದರೆ ಸಾಲದು, ಹಳೆಯ ಸ್ಟೋರಿಯಿಂದ, ಯಾರೋ ಫಾರ್ವರ್ಡ್ ಮಾಡಿದ ಮೆಸೇಜಿನಿಂದ ಫಾರ್ಮ್ ತೆರೆಯೋದಕ್ಕೆ ಆಗುತ್ತಲೇ ಇರುತ್ತದೆ.

ಮಾರ್ಚ್‌ನಲ್ಲಿ ಮತ್ತೆ 28 ದಿನದ ಲೆಕ್ಕ ನೋಡಿದೆ. ಪುಟ ತೆರೆದದ್ದು ಹೆಚ್ಚುಕಮ್ಮಿ ಅಷ್ಟೇ ಸಲ. ವಾಟ್ಸಾಪ್ ಬಟನ್ 9ರಿಂದ 71ಕ್ಕೆ ಹೋಗಿತ್ತು. ಜಾಗ ಬದಲಾದರೆ ಒತ್ತೋದು ಹೆಚ್ಚಾಗಲೇಬೇಕು, ಅದಕ್ಕೆ ಆ ಅಂಕಿ ನೋಡಿ ನಾನು ಖುಷಿಪಡಲಿಲ್ಲ. ಬಂದ ಮೆಸೇಜ್ ಎಣಿಸಿದೆ, 71ರಲ್ಲಿ ನಿಜವಾಗಿ ಕಳಿಸಿದವರು 33, ಕೇಕ್ ತಗೊಂಡವರು 19. ಹಿಂದಿನ ತಿಂಗಳು ಎಲ್ಲಾ ಕಡೆಯಿಂದ ಸೇರಿ ಹೊಸಬರ ಆರ್ಡರ್ 11 ಇತ್ತು. ಮಾರ್ಚ್ ಪರೀಕ್ಷೆ ಮುಗಿಯೋ ಕಾಲ, ಹಾಗಾಗಿ ಈ ಹೆಚ್ಚಳ ಪೂರ್ತಿ ಪುಟದಿಂದಲೇ ಬಂತು ಅಂತ ಹೇಳೋಕೆ ಆಗಲ್ಲ, ಇನ್ನೂ ಎರಡು ಮೂರು ತಿಂಗಳು ನೋಡಬೇಕು.

ಆ 19ರಲ್ಲಿ ಒಂದು ಜಯನಗರದ ಆ ಮೇಡಂದೇ. ಈ ಸಲ ಮಗಳ ಹುಟ್ಟುಹಬ್ಬ. ದಿನ, ಏರಿಯಾ, ಕೇಜಿ, ಎಗ್‌ಲೆಸ್, ಎಲ್ಲಾ ತುಂಬಿ ಕಳಿಸಿದ್ದರು. ನಾನು ವಾಪಸ್ ಕೇಳಬೇಕಾಗಿದ್ದು ಒಂದೇ, ಕೇಕಿನ ಮೇಲೆ ಯಾವ ಹೆಸರು ಬರೆಯಲಿ ಅಂತ. ಅವತ್ತು ರಾತ್ರಿಯೇ ಲಿಂಕಿನ ಕೊನೆಗೆ `%0AName%20on%20cake:` ಸೇರಿಸಿದೆ.