ಬ್ಯಾಲೆನ್ಸ್ ಯಾಕೆ ನೋಡಿದ್ರಿ?

ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಬ್ಯಾಂಕಿನಿಂದ ಎರಡು ಮೆಸೇಜ್ ಬಂತು. ಎರಡರಲ್ಲೂ ಒಂದೇ ಮೊತ್ತ, 27 ರೂಪಾಯಿ 14 ಪೈಸೆ ಕಡಿತ. ಯಾರೋ ಕಳ್ಳ ಕಾರ್ಡಿಗೆ ಕೈ ಹಾಕಿದ್ದಾನೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಕಳ್ಳನಿಗೆ ಹದಿನಾಲ್ಕು ಪೈಸೆ ಯಾಕೆ ಬೇಕು? ಪೈಸೆ ಬಂದಿದೆ ಅಂದರೆ ಜಿಎಸ್‌ಟಿ ಸೇರಿದೆ ಅಂತ ಅರ್ಥ.

ಶನಿವಾರ ಸಂಜೆ ನನ್ನ ಹಿಂದೆ ನಿಂತಿದ್ದ ಹಿರಿಯರ ಮಾತು ಆಗ ನೆನಪಾಯಿತು. "ಅಲ್ರೀ, ಬ್ಯಾಲೆನ್ಸ್ ಯಾಕೆ ನೋಡಿದ್ರಿ? ಅದೂ ಒಂದು ಸಲ ಲೆಕ್ಕ."

ಪೇಂಟಿಂಗ್ ಮೇಸ್ತ್ರಿಗೆ ಅವತ್ತು 30,000 ಕೊಡಬೇಕಿತ್ತು. ಹುಡುಗರಿಗೆ ವಾರದ ಬಟವಾಡೆ, ಕ್ಯಾಶೇ ಬೇಕು ಅಂದಿದ್ದ. ನನ್ನ ಬ್ಯಾಂಕಿನ ಎಟಿಎಂ ಬಾಗಿಲಿಗೆ 'ನೋ ಕ್ಯಾಶ್' ಅಂತ ಚೀಟಿ ಅಂಟಿಸಿದ್ದರು. ಪಕ್ಕದಲ್ಲೇ ಬೇರೆ ಬ್ಯಾಂಕಿನದು ಇತ್ತು, ಹೊಕ್ಕೆ. ಕಾರ್ಡ್ ಹಾಕಿದ ಕೂಡಲೇ ಬೆರಳು ತಾನಾಗಿ ಬ್ಯಾಲೆನ್ಸ್ ಬಟನ್ ಒತ್ತಿತು. ಆಗಲೇ ಹಿಂದಿನಿಂದ ಆ ಪ್ರಶ್ನೆ ಬಂದದ್ದು. ಬೇರೆಯವರ ಸ್ಕ್ರೀನ್ ಇಣುಕಿ ನೋಡುವುದು ತಪ್ಪು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಅಂತ ಕಾಣುತ್ತದೆ. ನಾನು ಉತ್ತರ ಕೊಡಲಿಲ್ಲ, ಮುಖ ಗಂಟಿಕ್ಕಿ 30,000 ಒತ್ತಿದೆ. ಬರಲಿಲ್ಲ. 20,000 ಒತ್ತಿದೆ. ಅದೂ ಇಲ್ಲ.

"ಬೇರೆ ಬ್ಯಾಂಕಿನ ಕಾರ್ಡಿಗೆ ಒಂದು ಸಲಕ್ಕೆ ಹತ್ತೇ ಸಾವಿರ" ಅಂದರು ಹಿರಿಯರು. ಅದೂ ನಿಜವೇ. ಸಾಮಾನ್ಯವಾಗಿ ಬೇರೆ ಬ್ಯಾಂಕಿನ ಮೆಷಿನ್ ಒಂದು ಸಲಕ್ಕೆ 10,000ಕ್ಕಿಂತ ಜಾಸ್ತಿ ಕೊಡುವುದಿಲ್ಲ. ಮೆಷಿನ್ನಿನಲ್ಲಿ ಬರೀ ನೂರರ ನೋಟು ಉಳಿದಿದ್ದರೆ ಅಷ್ಟೂ ಬರುವುದಿಲ್ಲ, ಯಾಕೆಂದರೆ ಅದು ಒಮ್ಮೆಗೆ ಎಣಿಸಿ ಹೊರಗೆ ತಳ್ಳುವ ನೋಟುಗಳಿಗೂ ಒಂದು ಮಿತಿ ಇರುತ್ತದೆ.

ಸರಿ, ಹತ್ತು ಬಂತು. ಇನ್ನೊಂದು ಹತ್ತು ಬಂತು. ಮೂರನೇ ಹತ್ತಕ್ಕೆ ದಿನದ ಮಿತಿ ಮೀರಿದೆ ಅಂತ ಸ್ಕ್ರೀನ್ ಹೇಳಿತು. ಐದು ಒತ್ತಿದೆ, ಬಂತು. ಒಟ್ಟು 25,000. ನನ್ನ ದುಡ್ಡು ನನಗೇ ಕೊಡುವುದಕ್ಕೆ ಇವರದೇನು ರಗಳೆ ಅಂತ ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ಬ್ಯಾಂಕಿಗೆ ಬೈದು ಹೊರಬಂದೆ. ಮೇಸ್ತ್ರಿ ಪಾಪ, "ಉಳಿದ ಐದು ಸೋಮವಾರ ಕೊಡಿ ಸಾರ್" ಅಂದ. ಅವನ ತಾಳ್ಮೆ ನನಗಿಲ್ಲ.

ಸೋಮವಾರ ಮೆಸೇಜ್ ನೋಡಿದ ಮೇಲೆ ಕೂತು ಲೆಕ್ಕ ಹಾಕಿದೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಉಳಿತಾಯ ಖಾತೆಗೆ ತಿಂಗಳಿಗೆ ಮೂರು ಸಲ ಉಚಿತ. ಇದು ಬೆಂಗಳೂರು, ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತ, ಹೈದರಾಬಾದ್ ಎಂಬ ಆರು ಮಹಾನಗರಗಳಲ್ಲಿ. ಬೇರೆ ಊರುಗಳಲ್ಲಿ ಐದು ಸಲ. ಖಾತೆ ಯಾವ ಊರಿನದು ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಮೆಷಿನ್ ಯಾವ ಊರಿನಲ್ಲಿದೆ ಅನ್ನುವುದೇ ಮುಖ್ಯ. ಮೂರು ಮುಗಿದ ಮೇಲೆ ಪ್ರತಿ ಸಲಕ್ಕೆ ಹೆಚ್ಚೆಂದರೆ 23 ರೂಪಾಯಿ ಹಾಕಬಹುದು ಅಂತ ಆರ್‌ಬಿಐ ನಿಯಮ. 2025ರ ಮೇ 1ಕ್ಕೆ ಮೊದಲು 21 ಇತ್ತು. 23ಕ್ಕೆ ಶೇಕಡಾ 18 ಜಿಎಸ್‌ಟಿ ಅಂದರೆ 4.14. ಕೂಡಿದರೆ 27.14. ಸಿಕ್ಕಿಬಿತ್ತು ಕಳ್ಳ.

ಆದರೆ ನಾನು ದುಡ್ಡು ತೆಗೆದದ್ದು ಮೂರೇ ಸಲ ಅಲ್ವಾ? ಪಾಸ್‌ಬುಕ್ ಹಿಂದಕ್ಕೆ ತಿರುವಿದೆ. ತಿಂಗಳ ಮೊದಲ ವಾರ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕ ಮೆಷಿನ್ನಿನಲ್ಲಿ 500 ತೆಗೆದಿದ್ದೆ. ಅದು ಒಂದು. ಶನಿವಾರ ಬ್ಯಾಲೆನ್ಸ್ ನೋಡಿದ್ದು ಎರಡು. ಮೊದಲ ಹತ್ತು ಸಾವಿರ ಮೂರು. ಅಲ್ಲಿಗೆ ಉಚಿತ ಖಲಾಸ್. ಎರಡನೇ ಹತ್ತಕ್ಕೆ 27.14, ಕೊನೆಯ ಐದಕ್ಕೂ 27.14. ಬ್ಯಾಲೆನ್ಸ್ ನೋಡದೇ ಇದ್ದಿದ್ದರೆ ಎರಡನೇ ಹತ್ತು ಉಚಿತವಾಗಿ ಬರುತ್ತಿತ್ತು. ನೋಡಿದ ಬ್ಯಾಲೆನ್ಸ್ ಮೊಬೈಲಿನಲ್ಲೂ ಇತ್ತು, ಮೊಬೈಲ್ ಜೇಬಿನಲ್ಲೇ ಇತ್ತು.

ಬ್ಯಾಲೆನ್ಸ್ ಯಾಕೆ ನೋಡಿದ್ರಿ? ಇದಕ್ಕೆ ನನ್ನಲ್ಲಿ ಒಂದು ಉತ್ತರ ಇದೆ. ಹಿಂದೊಮ್ಮೆ ಖಾತೆಯಲ್ಲಿ ಇಲ್ಲದ ದುಡ್ಡು ಕೇಳಿ, 'ಸಾಕಷ್ಟು ಹಣವಿಲ್ಲ' ಅಂತ ಬಂದು, ಅದಕ್ಕೂ ಬ್ಯಾಂಕು ದಂಡ ಹಾಕಿತ್ತು. ಅವತ್ತಿನಿಂದ ಮೊದಲು ನೋಡು, ಆಮೇಲೆ ತೆಗೆ ಅನ್ನುವ ಅಭ್ಯಾಸ. ದಂಡ ತಪ್ಪಿಸಿಕೊಳ್ಳಲು ಕಲಿತ ಅಭ್ಯಾಸಕ್ಕೇ ಈಗ ದಂಡ. ಮೆಷಿನ್ ಕೆಟ್ಟು ಅಥವಾ ಅದರಲ್ಲಿ ನೋಟಿಲ್ಲದೆ ವ್ಯವಹಾರ ನಿಂತುಹೋದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಪಿನ್ ತಪ್ಪಾದರೂ ಹಾಗೇ. ಆರ್‌ಬಿಐ 2019ರಲ್ಲೇ ಇದನ್ನು ಸ್ಪಷ್ಟ ಮಾಡಿದೆ.

ಇನ್ನೊಂದು ವಿಷಯಕ್ಕೆ ನನಗೆ ಸಿಟ್ಟಿತ್ತು. ಇದು ನಾಲ್ಕನೇ ಸಲ, ದುಡ್ಡು ಹಿಡಿಯುತ್ತೇವೆ ಅಂತ ಮೆಷಿನ್ ಒಂದು ಮಾತು ಹೇಳಬಾರದೇ? ಯೋಚಿಸಿದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಅದು ಬೇರೆಯವರ ಮೆಷಿನ್. ನನ್ನ ಕಾರ್ಡನ್ನು ಓದಿ, ಎನ್‌ಪಿಸಿಐ ಎಂಬ ಸಂಸ್ಥೆ ನಡೆಸುವ, ಬ್ಯಾಂಕುಗಳನ್ನು ಒಂದಕ್ಕೊಂದು ಜೋಡಿಸುವ ಜಾಲದ ಮೂಲಕ ನನ್ನ ಬ್ಯಾಂಕನ್ನು ಕೇಳುತ್ತದೆ. ಪಿನ್, ಖಾತೆಯಲ್ಲಿರುವ ದುಡ್ಡು, ದಿನದ ಮಿತಿ ಎಲ್ಲ ನೋಡುವುದು ನನ್ನ ಬ್ಯಾಂಕು. ಎಷ್ಟನೇ ಸಲ ಅಂತ ಎಣಿಸುವುದೂ ಅದೇ. ಮೆಷಿನ್ನಿಗೆ ಗೊತ್ತಾಗುವುದು ಕೊಡು, ಕೊಡಬೇಡ, ಬೇಡವಾದರೆ ಯಾಕೆ ಬೇಡ, ಇಷ್ಟೇ. ಕೊಟ್ಟ ಕೆಲಸಕ್ಕೆ ಮೆಷಿನ್ನಿನ ಒಡೆಯನಿಗೆ ನನ್ನ ಬ್ಯಾಂಕು ಕೂಲಿ ಕೊಡುತ್ತದೆ. ದುಡ್ಡು ತೆಗೆದರೆ 19 ರೂಪಾಯಿ, ಬ್ಯಾಲೆನ್ಸ್ ನೋಡಿದರೆ 7. ನನಗೆ ಉಚಿತ ಆಗಿದ್ದ ಸಲವೂ ಯಾರೋ ಒಬ್ಬರು ಕೊಡುತ್ತಲೇ ಇದ್ದರು.

ಉಳಿದದ್ದು ದಿನದ ಮಿತಿ. ಬ್ಯಾಂಕಿಗೆ ಫೋನ್ ಮಾಡಿ ಜಗಳಕ್ಕೇ ನಿಂತೆ. ಆ ಕಡೆ ಹುಡುಗಿ ಸಮಾಧಾನದಿಂದ, "ಸರ್, ನಿಮ್ಮ ಕಾರ್ಡಿಗೆ ದಿನಕ್ಕೆ 40,000 ಇದೆ. 25,000 ಅಂತ ಇಳಿಸಿರೋದು ನೀವೇ" ಅಂದಳು. ಆ್ಯಪ್ ತೆರೆದೆ. ಕಾರ್ಡ್, ಅದರೊಳಗೆ ಮಿತಿ, ಅದರೊಳಗೆ ಎಟಿಎಂ. ಅಲ್ಲಿ ಒಂದು ಗೀಟು, ಗೀಟಿನ ಮೇಲೊಂದು ಗುಂಡಿ, ಅದು 25,000ದ ಮೇಲೆ ಕೂತಿತ್ತು. ಎರಡು ವರ್ಷದ ಹಿಂದೆ ಗೆಳೆಯನೊಬ್ಬನ ಕಾರ್ಡ್ ಕಳುವಾಗಿ ಖಾತೆ ಖಾಲಿಯಾದಾಗ ಹೆದರಿ ನಾನೇ ಎಳೆದಿಟ್ಟದ್ದು. ಅಂಗಡಿ ಮತ್ತು ಆನ್‌ಲೈನ್ ಖರೀದಿಗೆ ಬೇರೆ ಬೇರೆ ಗೀಟುಗಳಿದ್ದವು. ಅವನ್ನೂ ಅವತ್ತೇ ಇಳಿಸಿದ್ದೆ. ಬ್ಯಾಂಕು ಕಾರ್ಡಿಗೆ ಇಟ್ಟ ಗರಿಷ್ಠದ ಒಳಗೆ ಈ ಗುಂಡಿಯನ್ನು ಎಲ್ಲಿ ಬೇಕಾದರೂ ಇಡಬಹುದು. ಶನಿವಾರ ಎಟಿಎಂ ಮುಂದೆ ನಿಂತು ಬೈಯುವ ಹೊತ್ತಿನಲ್ಲಿ ಎಳೆದಿದ್ದರೆ ಮೇಸ್ತ್ರಿಗೆ ಪೂರ್ತಿ ದುಡ್ಡು ಸಿಗುತ್ತಿತ್ತು.

ಸಾಲಿನಲ್ಲಿದ್ದವರ ಮುಂದೆ ನಾನು ಬೈದದ್ದು ಯಾರಿಗೆ ಅಂತ ಈಗ ಗೊತ್ತಾಯಿತು. ಅವರ್ಯಾರಿಗೂ ಗೊತ್ತಿಲ್ಲ, ಅದೊಂದು ಪುಣ್ಯ. ಆ ಹಿರಿಯರಿಗೆ ಗೊತ್ತಿತ್ತೋ ಏನೋ. ಅವರ ಮೇಲೆ ಇನ್ನೂ ಸ್ವಲ್ಪ ಸಿಟ್ಟಿದೆ. ಸರಿಯಾದ ಮಾತನ್ನು ಅಷ್ಟು ಜೋರಾಗಿ ಹೇಳಬೇಕಿತ್ತಾ?

ಸಂಜೆ ಮೇಸ್ತ್ರಿಯ ಐದು ಸಾವಿರಕ್ಕೆ ನನ್ನ ಬ್ಯಾಂಕಿನ ಎಟಿಎಂಗೆ ಹೋದೆ. ಚೀಟಿ ತೆಗೆದಿದ್ದರು. ಸ್ವಂತ ಬ್ಯಾಂಕಿನ ಮೆಷಿನ್ನಿನಲ್ಲಿ ಬ್ಯಾಲೆನ್ಸ್ ನೋಡಿದರೆ ಉಚಿತ ಲೆಕ್ಕಕ್ಕೆ ಹಿಡಿಯಬಾರದು ಅಂತಲೂ ಆ 2019ರ ಸುತ್ತೋಲೆಯಲ್ಲಿದೆ. ಹಿಂದೆ ಯಾರಾದರೂ ಇದ್ದಾರಾ ಅಂತ ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಆರಾಮಾಗಿ ಬ್ಯಾಲೆನ್ಸ್ ನೋಡಿದೆ. ಎರಡು ಸಲ.